ಮಾರ್ಚ್ 31ರ ಒಳಗೆ ನಷ್ಟದ ಷೇರು ಮಾರಲೇಬೇಕಾ?

ಗೋಣಿಕೊಪ್ಪ ತೋಟ

ಎಲ್ಲರಿಗೂ ನಮಸ್ಕಾರ. ನಾನು ನಿವೃತ್ತ ನೌಕರ. ವರ್ಷಕ್ಕೆ ಆರೂವರೆ ಲಕ್ಷ ಪೆನ್ಷನ್ ಬರುತ್ತದೆ. ಜೊತೆಗೆ ನಾಲ್ಕು ಎಕರೆ ರೋಬಸ್ಟಾ ಇದೆ. ಕಣದಲ್ಲಿ ಒಣಗಿಸಿ ಚೆರ್ರಿಯಾಗಿಯೇ ಮಾರುತ್ತೇನೆ, ಕ್ಯೂರಿಂಗ್ ಮಾಡಿಸುವುದಿಲ್ಲ.

ಕಳೆದ ನವೆಂಬರಿನಲ್ಲಿ ಸ್ಪ್ರಿಂಕ್ಲರ್ ಪೈಪು, ಮೋಟಾರು ತೆಗೆದುಕೊಳ್ಳಲು ಈಕ್ವಿಟಿ ಮ್ಯೂಚುವಲ್ ಫಂಡಿನಿಂದ ಸ್ವಲ್ಪ ಹಣ ತೆಗೆದೆ. ಐದು ವರ್ಷದ ಹಳೇ ಹೂಡಿಕೆ ಅದು. ಲಾಭ 1,08,000 ರೂಪಾಯಿ ಬಂತು. ಇನ್ನೊಂದು ಕಡೆ ಒಂದು ಕಂಪನಿಯ 300 ಷೇರು ಇದೆ. 620ಕ್ಕೆ ತೆಗೆದುಕೊಂಡಿದ್ದು, ಈಗ 340. ಎರಡು ವರ್ಷ ದಾಟಿದೆ. ಅಂದರೆ 84,000 ನಷ್ಟದಲ್ಲಿ ಕೂತಿದೆ.

ನನ್ನ ಭಾವ ದಿನಾ ಫೋನ್ ಮಾಡುತ್ತಿದ್ದಾರೆ. "ಮಾರ್ಚ್ 31ರ ಒಳಗೆ ಅದನ್ನು ಮಾರು, ಮಾರನೇ ದಿನ ವಾಪಸ್ ತಗೋ. ಲಾಭದಿಂದ ನಷ್ಟ ವಜಾ ಆಗುತ್ತೆ, ತೆರಿಗೆ ಉಳಿಯುತ್ತೆ" ಅಂತ. ನಿಜವಾಗಿ ಉಳಿಯುತ್ತದಾ? ತಿಂಗಳು ಮುಗಿಯಲು ಹತ್ತು ದಿನ ಇದೆ, ಅದಕ್ಕೆ ಕೇಳುತ್ತಿದ್ದೇನೆ.

ನಾಪೋಕ್ಲು ಹುಡುಗ

ಅಂಕಲ್, ನಿಮ್ಮ ಭಾವ ಹೇಳಿದ್ದು ಸರಿ. ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ, ನಮ್ಮ ಆಫೀಸಿನಲ್ಲಿ ಎಲ್ಲರೂ ಮಾರ್ಚಿನಲ್ಲಿ ಇದನ್ನೇ ಮಾಡೋದು. ಒಂದು ವರ್ಷ ದಾಟಿದ ಷೇರಿನ ಲಾಭಕ್ಕೆ ತೆರಿಗೆ ಶೇ. 12.5. 84,000ಕ್ಕೆ ಲೆಕ್ಕ ಹಾಕಿದರೆ 10,500 ರೂಪಾಯಿ ಉಳಿಯಿತು. ಅಮೆರಿಕದಲ್ಲಿ ಮಾರಿದ ಮೇಲೆ 30 ದಿನದ ಒಳಗೆ ಅದೇ ಷೇರು ತೆಗೆದುಕೊಂಡರೆ ಆ ನಷ್ಟವನ್ನು ಒಪ್ಪುವುದಿಲ್ಲ. ನಮ್ಮಲ್ಲಿ ಆ ನಿಯಮ ಇಲ್ಲ. ಬೆಳಿಗ್ಗೆ ಮಾರಿ ಮಧ್ಯಾಹ್ನ ವಾಪಸ್ ತಗೊಳ್ಳಿ.

ಲೆಕ್ಕದ ಪುಸ್ತಕ, ಮಡಿಕೇರಿ

ತೋಟದವರೇ, ದಯವಿಟ್ಟು ಸ್ವಲ್ಪ ತಡೆಯಿರಿ. ನಾನು ಇಪ್ಪತ್ತು ವರ್ಷದಿಂದ ರಿಟರ್ನ್ ತುಂಬಿಸಿಕೊಡುವ ಕೆಲಸ ಮಾಡುತ್ತಿದ್ದೇನೆ. ಪ್ರತಿ ಮಾರ್ಚಿನಲ್ಲೂ ಈ ತಪ್ಪು ನೋಡುತ್ತೇನೆ. ಆಮೇಲೆ ಸರಿಪಡಿಸಲು ದಾರಿಯೇ ಇರುವುದಿಲ್ಲ.

ನಿಮ್ಮ ಲಾಭ 1,08,000. ಷೇರು ಮತ್ತು ಈಕ್ವಿಟಿ ಫಂಡಿನ ಲಾಂಗ್ ಟರ್ಮ್ ಲಾಭದಲ್ಲಿ ವರ್ಷಕ್ಕೆ 1,25,000ದವರೆಗೆ ತೆರಿಗೆ ಇಲ್ಲ. 2024-25ರ ಆರ್ಥಿಕ ವರ್ಷದಿಂದ ಹೀಗಿದೆ, ಅದಕ್ಕೂ ಮುಂಚೆ 1 ಲಕ್ಷ ಇತ್ತು. ಅಂದರೆ ಈಗಾಗಲೇ ನಿಮ್ಮ ತೆರಿಗೆ ಸೊನ್ನೆ. ನಷ್ಟದ ಷೇರು ಮಾರಿದರೆ ಲಾಭ 24,000ಕ್ಕೆ ಇಳಿಯುತ್ತದೆ. ಅದರ ತೆರಿಗೆಯೂ ಸೊನ್ನೆ. ಹಾಗಾದರೆ ಆ 84,000 ಎಲ್ಲಿ ಹೋಯಿತು? ಎಲ್ಲಿಗೂ ಇಲ್ಲ, ಸುಮ್ನೆ ಕರಗಿತು.

"ಈ ವರ್ಷ ಬೇಡ, ನಷ್ಟವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುತ್ತೇನೆ" ಎನ್ನಲೂ ಬರುವುದಿಲ್ಲ. ಒಂದೇ ವರ್ಷದಲ್ಲಿ ಲಾಭವೂ ನಷ್ಟವೂ ಇದ್ದರೆ ಮೊದಲು ಒಂದರಿಂದ ಇನ್ನೊಂದು ವಜಾ ಆಗಲೇಬೇಕು. ಆ ಮೇಲೆ ಉಳಿದ ಲಾಭಕ್ಕೆ 1,25,000ದ ವಿನಾಯಿತಿ. ಈ ಹಿಂದುಮುಂದು ಗೊತ್ತಿಲ್ಲದೆ ಬಹಳ ಜನ ಎಡವುತ್ತಾರೆ. ವಜಾ ಮೊದಲು, ವಿನಾಯಿತಿ ಆಮೇಲೆ. ಎಂಟು ವರ್ಷ ಮುಂದಕ್ಕೆ ಒಯ್ಯಬಹುದಾದ್ದು ವಜಾ ಆಗಿ ಉಳಿದ ನಷ್ಟವನ್ನು ಮಾತ್ರ. ನಿಮಗೆ ಏನೂ ಉಳಿಯುವುದಿಲ್ಲ. ಹಾಗೆ ಒಯ್ದ ಹಳೇ ನಷ್ಟವೂ ಮುಂದಿನ ವರ್ಷ ಇದೇ ರೀತಿ ವಿನಾಯಿತಿಗೆ ಮೊದಲೇ ಕಳೆದುಹೋಗುತ್ತದೆ.

ಗೋಣಿಕೊಪ್ಪ ತೋಟ

ತುಂಬಾ ಉಪಕಾರ ಆಯಿತು ಸರ್. ಆದರೆ ಒಂದು ಸಂಶಯ. ಲಾಭ ಇಲ್ಲ ಸರಿ, ನಷ್ಟವೂ ಇಲ್ಲ ಅಲ್ವಾ? ಮಾರಿ ವಾಪಸ್ ತಗೊಂಡರೆ ಅದೇ 300 ಷೇರು ನನ್ನ ಹತ್ತಿರ ಇರುತ್ತದೆ.

ಲೆಕ್ಕದ ಪುಸ್ತಕ, ಮಡಿಕೇರಿ

ಇದೆ, ನಷ್ಟ ಇದೆ. ಅದು ಇವತ್ತು ಕಾಣುವುದಿಲ್ಲ ಅಷ್ಟೇ.

ಈಗ ನಿಮ್ಮ ಷೇರಿನ ಖರೀದಿ ಬೆಲೆ 620. ವಾಪಸ್ ತೆಗೆದುಕೊಂಡ ಮೇಲೆ ಖರೀದಿ ಬೆಲೆ 340 ಆಗುತ್ತದೆ. ನಾಳೆ ಆ ಕಂಪನಿ ಚೇತರಿಸಿಕೊಂಡು 620ಕ್ಕೆ ಬಂತು ಅಂತ ಇಟ್ಟುಕೊಳ್ಳಿ. ಈಗಿನ ಷೇರನ್ನು ಹಾಗೇ ಇಟ್ಟುಕೊಂಡಿದ್ದರೆ ಲಾಭ ಸೊನ್ನೆ, ತೆರಿಗೆ ಸೊನ್ನೆ. ಮಾರಿ ತೆಗೆದುಕೊಂಡಿದ್ದರೆ 84,000 ಲಾಭ ಅಂತ ಕಾಣಿಸುತ್ತದೆ. ಆ ವರ್ಷ ಬೇರೆ ಲಾಭದಿಂದ ನಿಮ್ಮ 1,25,000 ಮುಗಿದಿದ್ದರೆ 10,500 ರೂಪಾಯಿ ತೆರಿಗೆ, ಅದರ ಮೇಲೆ ಸೆಸ್.

ಇನ್ನೊಂದು, ಒಂದು ವರ್ಷದ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ನಿಮ್ಮದು ಈಗ ಎರಡು ವರ್ಷ ದಾಟಿದ ಷೇರು. ಹೊಸದಾಗಿ ತೆಗೆದುಕೊಂಡಿದ್ದು ಹನ್ನೆರಡು ತಿಂಗಳ ಒಳಗೆ ಏರಿ, ಆಗ ದುಡ್ಡಿನ ತುರ್ತಿಗೆ ಮಾರಿದರೆ ಅದು ಶಾರ್ಟ್ ಟರ್ಮ್. ಶೇ. 20, ಮೊದಲ ರೂಪಾಯಿಯಿಂದಲೇ. 84,000ಕ್ಕೆ 16,800. ಷೇರು ವಹಿವಾಟಿನ ಮೇಲಿನ ತೆರಿಗೆ ಎಸ್‌ಟಿಟಿ ಮಾರುವಾಗ 102, ತೆಗೆದುಕೊಳ್ಳುವಾಗ 102. ಬ್ರೋಕರೇಜು, ಸ್ಟ್ಯಾಂಪು ಬೇರೆ. ಅದು ದೊಡ್ಡ ಮಾತಲ್ಲ. ದೊಡ್ಡ ಮಾತು ಏನಂದರೆ ನೀವು 620 ಕೊಟ್ಟು ತೆಗೆದುಕೊಂಡ ಬೆಲೆಯನ್ನೇ ಏನೂ ಪಡೆಯದೆ ಬಿಟ್ಟುಕೊಡುತ್ತಿದ್ದೀರಿ.

ತೆರಿಗೆ ನಿಜವಾಗಿ ಬೀಳುವ ವರ್ಷದಲ್ಲೂ ಈ ಕೆಲಸ ಮಾಡಿದಾಗ ತೆರಿಗೆ ಪೂರ್ತಿ ಅಳಿಯುವುದಿಲ್ಲ, ಮುಂದಕ್ಕೆ ಹೋಗುತ್ತದೆ. ಮುಂದಕ್ಕೆ ಹೋದರೂ ಪ್ರಯೋಜನ ಇದೆ, ಹಣ ಅಷ್ಟು ದಿನ ನಿಮ್ಮ ಕೈಯಲ್ಲೇ ಇರುತ್ತದೆ. ಆದರೆ ಈ ವರ್ಷ ನಿಮಗೆ ಮುಂದೂಡಲು ತೆರಿಗೆಯೇ ಇಲ್ಲ.

ನಾಪೋಕ್ಲು ಹುಡುಗ

ಸರ್, 1,25,000ದ ವಿಷಯ ನನಗೆ ಹೊಳೆಯಲೇ ಇಲ್ಲ. ತಪ್ಪಾಯಿತು ಅಂಕಲ್. ಆದರೆ ನಮ್ಮ ಆಫೀಸಿನವರಿಗೆ ಪ್ರಯೋಜನ ಆಗುತ್ತಿದ್ದದ್ದು ನಿಜ. ಅವರ ಲಾಭ ಎಲ್ಲ ಮೂರು, ನಾಲ್ಕು ಲಕ್ಷದ ಮೇಲೆ.

ಲೆಕ್ಕದ ಪುಸ್ತಕ, ಮಡಿಕೇರಿ

ಹೌದು, ಅವರಿಗೆ ಆಗುತ್ತದೆ. ತೋಟದವರ ಲಾಭ 3 ಲಕ್ಷ ಇದ್ದಿದ್ದರೆ ನಾನೇ ಮಾರಿ ಅನ್ನುತ್ತಿದ್ದೆ. ವಿನಾಯಿತಿ ಕಳೆದು 1,75,000ಕ್ಕೆ ತೆರಿಗೆ ಬೀಳುತ್ತಿತ್ತು. 84,000 ಪೂರ್ತಿ ಅದರಲ್ಲೇ ವಜಾ ಆಗಿ 10,500 ಉಳಿಯುತ್ತಿತ್ತು.

ನಡುವಿನ ಪ್ರಕರಣ ನೋಡಿ. ಲಾಭ 1,60,000 ಅಂತ ಇಟ್ಟುಕೊಳ್ಳೋಣ. ತೆರಿಗೆ ಬೀಳುವುದು 35,000ಕ್ಕೆ ಮಾತ್ರ. 300 ಷೇರೂ ಮಾರಿದರೆ 84,000ದಲ್ಲಿ 35,000 ಕೆಲಸಕ್ಕೆ ಬಂತು, 49,000 ಪೋಲಾಯಿತು. ಒಂದು ಷೇರಿನಲ್ಲಿ ನಷ್ಟ 280. ಹಾಗಾಗಿ 125 ಷೇರು ಮಾರಿದರೆ ಸಾಕು, ಸರಿಯಾಗಿ 35,000 ನಷ್ಟ ಬರುತ್ತದೆ. ಉಳಿದ 175 ಷೇರು ಹಳೇ ಬೆಲೆಯಲ್ಲೇ ಇರಲಿ. ಎಷ್ಟು ಬೇಕೋ ಅಷ್ಟೇ ಮಾರುವುದು, ಇಡೀ ಗಂಟು ಬಿಚ್ಚುವುದಲ್ಲ.

ಇನ್ನು ಬೆಳಿಗ್ಗೆ ಮಾರಿ ಮಧ್ಯಾಹ್ನ ತೆಗೆದುಕೊಳ್ಳುವ ಮಾತು. ಅದನ್ನು ಯಾರೂ ಮಾಡಬೇಡಿ. ಒಂದೇ ಖಾತೆಯಲ್ಲಿ ಒಂದೇ ದಿನ ಮಾರಿ ಕೊಂಡರೆ ಅದು ಇಂಟ್ರಾಡೇ ಆಗುತ್ತದೆ. ಷೇರು ನಿಮ್ಮ ಡಿಮ್ಯಾಟ್ ಬಿಟ್ಟು ಹೋಗುವುದೇ ಇಲ್ಲ. ಹಳೇ ಷೇರು ಮಾರಿದ ಹಾಗೆ ಆಗುವುದೂ ಇಲ್ಲ, ನಿಮ್ಮ ನಷ್ಟ ಲೆಕ್ಕಕ್ಕೆ ಬರುವುದೂ ಇಲ್ಲ. ಕನಿಷ್ಠ ಮಾರನೇ ದಿನ ತೆಗೆದುಕೊಳ್ಳಬೇಕು. ಆ ಒಂದು ರಾತ್ರಿಯಲ್ಲಿ ಬೆಲೆ ಶೇ. 5 ಏರಿದರೆ ನೀವು ಉಳಿಸಿದ್ದರಲ್ಲಿ ಅರ್ಧ ಹೋಯಿತು. ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಸೋಮವಾರಪೇಟೆ ಮೇಷ್ಟ್ರು

ನನ್ನದೊಂದು ಅನುಭವ ಹೇಳುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಲಿ. ಒಂದು ಷೇರು ನನ್ನ ಹತ್ತಿರ ಎರಡು ಕಂತಿನಲ್ಲಿತ್ತು. ಮೊದಲ 100 ಷೇರು 90 ರೂಪಾಯಿಗೆ, ಎರಡು ವರ್ಷ ಬಿಟ್ಟು ಇನ್ನೂ 100 ಷೇರು 400ಕ್ಕೆ. ಬೆಲೆ 250ಕ್ಕೆ ಬಿತ್ತು. ಆ ವರ್ಷ ನನಗೆ ಬೇರೆ ಕಡೆ ಒಳ್ಳೆಯ ಲಾಭ ಇತ್ತು. 400ರ ಕಂತನ್ನು ಮಾರಿ 15,000 ನಷ್ಟ ತೋರಿಸೋಣ ಅಂತ 100 ಷೇರು ಮಾರಿದೆ. ಜುಲೈನಲ್ಲಿ ಬ್ರೋಕರ್ ಕಳಿಸಿದ ಪಟ್ಟಿ ತೆಗೆದು ನೋಡಿದರೆ ಆ ಸಾಲಿನ ಎದುರಿಗೆ 16,000 ಲಾಭ ಅಂತಿದೆ. ಮೂರು ಸಲ ನೋಡಿದೆ. ಖರೀದಿ ದಿನಾಂಕದ ಕಾಲಂನಲ್ಲಿ ಮೊದಲ ಕಂತಿನ ದಿನಾಂಕ ಇತ್ತು.

ಡಿಮ್ಯಾಟಿನಲ್ಲಿ ಮೊದಲು ಬಂದದ್ದೇ ಮೊದಲು ಹೋಗುತ್ತದೆ. ಯಾವ ಕಂತು ಮಾರಬೇಕು ಅಂತ ನಾವು ಆರಿಸುವ ಹಾಗಿಲ್ಲ. ತೆರಿಗೆ ಇಳಿಸಲು ಹೋಗಿ ನಾನೇ ಏರಿಸಿಕೊಂಡೆ. ಮಾರುವ ಮುಂಚೆ ಖರೀದಿ ದಿನಾಂಕ ಎಲ್ಲ ತೆಗೆದು ನೋಡಿ ದಯವಿಟ್ಟು. ಆಪ್‌ನಲ್ಲಿ ಕಾಣುವ ಸರಾಸರಿ ಬೆಲೆಯಿಂದ ಇದು ಗೊತ್ತಾಗುವುದಿಲ್ಲ.

ಲೆಕ್ಕದ ಪುಸ್ತಕ, ಮಡಿಕೇರಿ

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ಆ ಲೆಕ್ಕ ಒಂದೊಂದು ಡಿಮ್ಯಾಟ್ ಖಾತೆಗೆ ಬೇರೆ ಬೇರೆ. ಎರಡನೇ ಕಂತು ಇನ್ನೊಂದು ಖಾತೆಯಲ್ಲಿ ಇದ್ದಿದ್ದರೆ ಅದನ್ನೇ ಮಾರಬಹುದಿತ್ತು. ಫಂಡಿನ ಎಸ್‌ಐಪಿಗೂ ಇದೇ ನಿಯಮ, ಪ್ರತಿ ಕಂತೂ ಬೇರೆ ಖರೀದಿ. ತೋಟದವರೇ, ನಿಮ್ಮ 300 ಒಂದೇ ಕಂತಾ?

ಗೋಣಿಕೊಪ್ಪ ತೋಟ

ಒಂದೇ ದಿನ ತೆಗೆದುಕೊಂಡಿದ್ದು ಸರ್. ಕಾಂಟ್ರ್ಯಾಕ್ಟ್ ನೋಟ್ ಇದೆ.

ಕಕ್ಕಬ್ಬೆ ಹೋಂಸ್ಟೇ

ನನ್ನದೂ ಒಂದು ಕೇಳಬೇಕು. ಹೋಂಸ್ಟೇಯಿಂದ ಖರ್ಚು ಕಳೆದು ಈ ವರ್ಷ 2,40,000 ಉಳಿಯಿತು. ಷೇರಿನಲ್ಲಿ 80,000 ಶಾರ್ಟ್ ಟರ್ಮ್ ಲಾಭ ಬಂದಿತ್ತು. ಶೇ. 20 ಅಂದರೆ 16,000 ಕಟ್ಟಬೇಕಲ್ಲ ಅಂತ ಹೆದರಿ, ಬಿದ್ದಿದ್ದ ಇನ್ನೊಂದು ಷೇರನ್ನು 80,000 ನಷ್ಟಕ್ಕೆ ಮಾರಿಬಿಟ್ಟೆ. ಇದು 1,25,000ದ ಲಾಭ ಅಲ್ಲವಲ್ಲ, ಹಾಗಾದರೆ ನಾನು ಮಾಡಿದ್ದು ಸರಿ ತಾನೇ?

ಲೆಕ್ಕದ ಪುಸ್ತಕ, ಮಡಿಕೇರಿ

ಅಕ್ಕಾ, ಬೇಜಾರು ಮಾಡಿಕೊಳ್ಳಬೇಡಿ. ನೀವು ಮಾರುವುದು ಬೇಕಿರಲಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ನಿಮ್ಮ ಹೋಂಸ್ಟೇ ಆದಾಯ 2,40,000. ಆ 4 ಲಕ್ಷದಲ್ಲಿ ಇನ್ನೂ 1,60,000 ಜಾಗ ಖಾಲಿ ಇತ್ತು. ಭಾರತದಲ್ಲೇ ವಾಸ ಇರುವವರ ಷೇರಿನ ಲಾಭ ಮೊದಲು ಆ ಖಾಲಿ ಜಾಗದಲ್ಲಿ ಕೂರುತ್ತದೆ. ನಿಮ್ಮ 80,000 ಪೂರ್ತಿ ಅಲ್ಲೇ ಹಿಡಿಯುತ್ತಿತ್ತು. ಹೊರದೇಶದಲ್ಲಿ ವಾಸ ಇರುವವರಿಗೆ ಮಾತ್ರ ಈ ಅನುಕೂಲ ಇಲ್ಲ.

ನಾಪೋಕ್ಲು ಹುಡುಗ

ಹಾಗಾದರೆ ನನಗೂ ತೆರಿಗೆ ಇಲ್ಲ ಅಲ್ವಾ ಸರ್? ಸಂಬಳ 11 ಲಕ್ಷ, 12 ಲಕ್ಷದವರೆಗೆ ಸೊನ್ನೆ ಅಂತಾರೆ. ಶಾರ್ಟ್ ಟರ್ಮ್ ಲಾಭ 60,000 ಇದೆ.

ಲೆಕ್ಕದ ಪುಸ್ತಕ, ಮಡಿಕೇರಿ

ಇಲ್ಲ ತಮ್ಮಾ, ಅಲ್ಲಿ ವ್ಯತ್ಯಾಸ ಇದೆ. 4 ಲಕ್ಷದ್ದು ವಿನಾಯಿತಿ, 12 ಲಕ್ಷದ್ದು ರಿಬೇಟು. ರಿಬೇಟು ನಿನ್ನ ಸಂಬಳದ ತೆರಿಗೆಯನ್ನು ಮನ್ನಾ ಮಾಡುತ್ತದೆ. ಶೇ. 20 ಮತ್ತು ಶೇ. 12.5ರ ಷೇರಿನ ತೆರಿಗೆಗೆ ಅದು ಸಿಗುವುದಿಲ್ಲ. ನಿನಗೆ 60,000ಕ್ಕೆ 12,000 ಬೀಳುತ್ತದೆ. ಈ ಚರ್ಚೆಯಲ್ಲಿ ನಷ್ಟದ ಷೇರು ಮಾರಬೇಕಾದವನು ಯಾರಾದರೂ ಇದ್ದರೆ ಅದು ನೀನೇ. ಆದರೆ ಒಂದು ವರ್ಷ ದಾಟದ ಷೇರಿನ ನಷ್ಟ ಆಗಬೇಕು. ಲಾಂಗ್ ಟರ್ಮ್ ನಷ್ಟ ಲಾಂಗ್ ಟರ್ಮ್ ಲಾಭಕ್ಕೆ ಮಾತ್ರ ವಜಾ ಆಗುತ್ತದೆ, ಶಾರ್ಟ್ ಟರ್ಮ್ ನಷ್ಟ ಎರಡಕ್ಕೂ ಆಗುತ್ತದೆ. ಹನ್ನೊಂದು ತಿಂಗಳಾದ ನಷ್ಟದ ಷೇರು ಇದ್ದರೆ ಹನ್ನೆರಡು ತುಂಬುವ ಮುಂಚೆಯೇ ನೋಡಿಕೋ.

ಪೊನ್ನಂಪೇಟೆ ಅಜ್ಜನಮನೆ

ನಮ್ಮದು ಸ್ವಲ್ಪ ಬೇರೆ. ಈ ಜನವರಿಯಲ್ಲಿ ಒಂದು ಎಕರೆ ಕಾಫಿ ತೋಟ ಮಾರಿದೆವು, ದೊಡ್ಡ ಮೊತ್ತ. ಅದರ ಲಾಭಕ್ಕೆ ವಜಾ ಹಾಕಲು ಮನೆಯವರ ಷೇರೆಲ್ಲ ನಷ್ಟಕ್ಕೆ ಮಾರಲು ಹೊರಟಿದ್ದೇವೆ. ಸುಮಾರು ಎರಡು ಲಕ್ಷ ನಷ್ಟ ಬರುತ್ತದೆ. ಮಾರಬಹುದಾ?

ಲೆಕ್ಕದ ಪುಸ್ತಕ, ಮಡಿಕೇರಿ

ದಯವಿಟ್ಟು ನಾಳೆಯೇ ಮಾರಬೇಡಿ. ಹಳ್ಳಿಯ ಕೃಷಿ ಭೂಮಿ ಆದಾಯ ತೆರಿಗೆಯ ಲೆಕ್ಕದಲ್ಲಿ ಬಂಡವಾಳ ಆಸ್ತಿಯೇ ಅಲ್ಲ. ಅದರ ಲಾಭಕ್ಕೆ ತೆರಿಗೆ ಇಲ್ಲ, ಹಾಗಾಗಿ ವಜಾ ಹಾಕಲು ಅಲ್ಲಿ ಏನೂ ಇಲ್ಲ. ನೋಡಬೇಕಾದ್ದು ತೋಟ ಎಲ್ಲಿದೆ ಅನ್ನುವುದು. ನಗರಸಭೆ, ಪುರಸಭೆ ಗಡಿಯ ಒಳಗಿದ್ದರೆ ತೆರಿಗೆ ಬರುತ್ತದೆ. ಮಡಿಕೇರಿ, ವಿರಾಜಪೇಟೆಯಂತೆ ಹತ್ತು ಸಾವಿರದಿಂದ ಒಂದು ಲಕ್ಷ ಜನ ಇರುವ ಊರಾದರೆ ಗಡಿಯಿಂದ 2 ಕಿಲೋಮೀಟರ್ ಒಳಗಿದ್ದರೂ ಬರುತ್ತದೆ. ದೂರ ಅಳೆಯುವುದು ರಸ್ತೆಯ ಮೇಲಲ್ಲ, ನೇರ ಗೆರೆಯಲ್ಲಿ. ನಮ್ಮ ಘಾಟಿಯ ತಿರುವಿನಲ್ಲಿ ರಸ್ತೆಯಲ್ಲಿ ನಾಲ್ಕು ಕಿಲೋಮೀಟರ್ ಆದದ್ದು ನೇರ ಗೆರೆಯಲ್ಲಿ ಎರಡರ ಒಳಗೆ ಬಂದದ್ದನ್ನು ನೋಡಿದ್ದೇನೆ. ಮೊದಲು ಅದನ್ನು ಅಳೆಸಿ, ಆಮೇಲೆ ಷೇರಿನ ಮಾತು.

ಪೊನ್ನಂಪೇಟೆ ಅಜ್ಜನಮನೆ

ಊರಿಂದ ಬಹಳ ಒಳಗೆ ಇದೆ, ಆದರೂ ಅಳೆಸುತ್ತೇವೆ. ಷೇರು ಮುಟ್ಟುವುದಿಲ್ಲ.

ಗೋಣಿಕೊಪ್ಪ ತೋಟ

ಇದನ್ನು ಓದಿ ಒಂದು ನೆನಪಾಯಿತು ಸರ್. ಕುಶಾಲನಗರದಲ್ಲಿ ನನ್ನ ಹೆಸರಿನಲ್ಲಿ ಒಂದು ಮನೆ ಸೈಟಿದೆ. ಮಗಳ ಓದಿಗೆ ಮುಂದಿನ ವರ್ಷ ಮಾರುವ ಯೋಚನೆ ಇದೆ. ಅದಕ್ಕೆ ಈ ನಷ್ಟ ಬರುತ್ತದಾ?

ಲೆಕ್ಕದ ಪುಸ್ತಕ, ಮಡಿಕೇರಿ

ಇದನ್ನು ಮೊದಲೇ ಹೇಳಬೇಕಿತ್ತು ನೀವು! ಬರುತ್ತದೆ, ಚೆನ್ನಾಗಿ ಬರುತ್ತದೆ. ಸೈಟಿನ ಲಾಂಗ್ ಟರ್ಮ್ ಲಾಭಕ್ಕೆ 1,25,000ದ ವಿನಾಯಿತಿ ಇಲ್ಲ. ಮೊದಲ ರೂಪಾಯಿಯಿಂದ ತೆರಿಗೆ. ಷೇರಿನ ಲಾಂಗ್ ಟರ್ಮ್ ನಷ್ಟ ಅದಕ್ಕೆ ವಜಾ ಆಗುತ್ತದೆ. ಅಂದರೆ ಈ ವರ್ಷ ಸೊನ್ನೆ ಬೆಲೆಯ ಅದೇ 84,000 ಮುಂದಿನ ವರ್ಷ ನಿಮಗೆ 10,500 ಉಳಿಸಿಕೊಡಬಹುದು. ಹಳೇ ಸೈಟಾದರೆ ಇಂಡೆಕ್ಸೇಶನ್, ಅಂದರೆ ಬೆಲೆಯೇರಿಕೆಗೆ ತಕ್ಕಂತೆ ಖರೀದಿ ಬೆಲೆ ಏರಿಸಿಕೊಳ್ಳುವುದು, ಅದರ ಜೊತೆಗಿನ ಶೇ. 20ರ ಲೆಕ್ಕವನ್ನೂ ಹಾಕಿ ನೋಡೋಣ, ಯಾವುದು ಕಡಿಮೆಯೋ ಅದು.

ಒಂದೇ ಎಚ್ಚರಿಕೆ. ಸೈಟು ಮಾರುವ ವರ್ಷ ಫಂಡಿನಿಂದ ಲಾಭ ತೆಗೆಯಬೇಡಿ. ತೆಗೆದರೆ ರಿಟರ್ನ್ ಫಾರಂನಲ್ಲಿ ಷೇರು, ಫಂಡಿನ ಲಾಭ ನಷ್ಟ ಒಂದೇ ಪಟ್ಟಿಯಲ್ಲಿ ಮೊದಲು ವಜಾ ಆಗಿ, ಉಳಿದದ್ದು ಮಾತ್ರ ಸೈಟಿನ ಕಡೆಗೆ ಹೋಗುತ್ತದೆ.

ಸೋಮವಾರಪೇಟೆ ಮೇಷ್ಟ್ರು

ಅದು ಫಾರಂ ಮಾಡುವ ಲೆಕ್ಕ, ಕಾನೂನು ಆ ಕ್ರಮ ಹೇಳುವುದಿಲ್ಲ ಅಂತ ನನ್ನ ಆಡಿಟರ್ ವಾದ. ನಷ್ಟವನ್ನು ನೇರ ಸೈಟಿನ ಲಾಭಕ್ಕೇ ಹಾಕಿಕೊಳ್ಳುವ ಹಕ್ಕು ನಮಗಿದೆ ಅನ್ನುತ್ತಾರೆ ಅವರು.

ಲೆಕ್ಕದ ಪುಸ್ತಕ, ಮಡಿಕೇರಿ

ವಾದ ಮಾಡಬಹುದು ಮೇಷ್ಟ್ರೇ, ಅದರಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಹತ್ತು ಸಾವಿರ ರೂಪಾಯಿಗೆ ನೋಟಿಸಿಗೆ ಉತ್ತರ ಬರೆಯುತ್ತಾ ಕೂರುವ ಬದಲು, ಆ ವರ್ಷ ಫಂಡು ಮುಟ್ಟದೆ ಇರುವುದು ಸುಲಭ.

ತೋಟದವರೇ, ಈ ಮಾರ್ಚಿಗೆ ನೀವು ಮಾಡಬೇಕಾದ್ದು ಉಲ್ಟಾ. 1,25,000ದಲ್ಲಿ ಇನ್ನೂ 17,000 ಜಾಗ ಇದೆ. ಫಂಡಿನಲ್ಲಿ ಅಷ್ಟು ಲಾಭ ಬರುವಷ್ಟು ಯೂನಿಟ್ ಮಾರಿ, ಎರಡು ದಿನ ಬಿಟ್ಟು ಅದೇ ಹಣ ವಾಪಸ್ ಹಾಕಿ. ಆ ಲಾಭಕ್ಕೆ ಮುಂದೆ ಯಾವತ್ತೂ ತೆರಿಗೆ ಇಲ್ಲ. ಉಳಿಯುವುದು ಎರಡು ಸಾವಿರ ಅಷ್ಟೇ, ಆದರೆ ಹೆಚ್ಚು ಖರ್ಚಿಲ್ಲದ ಕೆಲಸ. ಯೂನಿಟ್ಟಿನ ಬೆಲೆ, ಅಂದರೆ ಎನ್‌ಎವಿ, ಆ ದಿನ ಎಷ್ಟಾಗುತ್ತದೋ ಗೊತ್ತಿರುವುದಿಲ್ಲ, ಹಾಗಾಗಿ ಸ್ವಲ್ಪ ಕಡಿಮೆಯೇ ಇಟ್ಟುಕೊಳ್ಳಿ. ಹಳೇ ಯೂನಿಟ್ಟಿಗೆ ಎಕ್ಸಿಟ್ ಲೋಡ್ ಇಲ್ಲ ತಾನೇ, ನೋಡಿಬಿಡಿ.

ಇನ್ನೊಂದು ಕೇಳುತ್ತೇನೆ. ಆ ಕಂಪನಿಯ ಮೇಲೆ ನಿಮಗೆ ಇನ್ನೂ ನಂಬಿಕೆ ಇದೆಯಾ? ಮುಂದಿನ ವರ್ಷದವರೆಗೆ ಇಟ್ಟುಕೊಳ್ಳಿ ಅನ್ನುತ್ತಿರುವುದು ನಂಬಿಕೆ ಇದ್ದರೆ ಮಾತ್ರ. 340 ಇದ್ದದ್ದು 200 ಆಗುವ ಲಕ್ಷಣ ಕಂಡರೆ 10,500 ತೆರಿಗೆಗಾಗಿ 42,000 ಕಳೆದುಕೊಂಡ ಹಾಗೆ.

ಗೋಣಿಕೊಪ್ಪ ತೋಟ

ನಂಬಿಕೆ ಇದೆ ಸರ್. ಸಾಲ ಇಲ್ಲದ ಕಂಪನಿ, ಪ್ರತಿ ವರ್ಷ ಡಿವಿಡೆಂಡ್ ಕೊಡುತ್ತಿದೆ. ಭಾವನಿಗೆ ಈ ಚರ್ಚೆ ಪೂರ್ತಿ ಓದಿ ಹೇಳಿದೆ. ಅವರು ಹೋದ ವರ್ಷ ತಾನೂ ಹೀಗೇ ಮಾರಿದ್ದೆ ಅಂತ ಹೇಳಿ ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಗೋಣಿಕೊಪ್ಪ ತೋಟ

ನಾಲ್ಕು ದಿನದ ಮೇಲೆ ಬರೆಯುತ್ತಿದ್ದೇನೆ. ಷೇರು ಹಾಗೇ ಇದೆ. ಎಕ್ಸಿಟ್ ಲೋಡ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಫಂಡಿನ ಯೂನಿಟ್ ಮಾರಿದೆ. ಸ್ಟೇಟ್‌ಮೆಂಟ್ ಬಂತು, ಲಾಭ 14,860. ಹಳೇದು ಸೇರಿ 1,22,860. ನಾಳೆ ಹಣ ವಾಪಸ್ ಹಾಕುತ್ತೇನೆ. ನಿನ್ನೆ ರಾತ್ರಿ ಇಲ್ಲಿ ಒಂದು ಇಂಚು ಹೂಮಳೆ ಆಯಿತು, ಹೊಸ ಮೋಟಾರು ಈ ವಾರ ಓಡಿಸುವ ಅಗತ್ಯ ಬೀಳಲಿಲ್ಲ.

ಕಕ್ಕಬ್ಬೆ ಹೋಂಸ್ಟೇ

ನಮಗೆ ಇನ್ನೂ ಹನಿ ಬಿದ್ದಿಲ್ಲ. ಲೆಕ್ಕದವರೇ, ಮುಂದಿನ ವರ್ಷ ನನ್ನ ಹೋಂಸ್ಟೇ ಆದಾಯ ನಾಲ್ಕು ಲಕ್ಷ ದಾಟುವ ಹಾಗಿದೆ. ನಿಮ್ಮ ಆಫೀಸಿಗೆ ಸೋಮವಾರ ಬರಲಾ? ಕಾಂಟ್ರ್ಯಾಕ್ಟ್ ನೋಟ್ ಎಲ್ಲ ತರುತ್ತೇನೆ, ಸರಾಸರಿ ಬೆಲೆ ನೋಡಿಕೊಂಡು ಬರುವುದಿಲ್ಲ.